ಇಲಿಯ ನರಕೋಶವನ್ನು ಸುಮ್ಮನಾಗಿಸಲು ಯಾವ ಸ್ವಿಚ್? ಆಪ್ಟೊಜೆನೆಟಿಕ್ಸ್ ಸಾಧನಗಳ ಹೋಲಿಕೆ

ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಿಂದ ಬೆಂಗಳೂರಿನ ಲ್ಯಾಬುಗಳಿಗೆ ಪ್ರಾಜೆಕ್ಟ್‌ಗೆಂದು ಹೋಗುವ ನಮ್ಮ ಹುಡುಗ ಹುಡುಗಿಯರು ಈಚೆಗೆ ನನ್ನ ಹತ್ತಿರ ತರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸರ್, ಆಪ್ಟೊಜೆನೆಟಿಕ್ಸ್ ಮಾಡು ಅಂದಿದಾರೆ. ನರಕೋಶ ಆಫ್ ಮಾಡೋಕೆ ಯಾವ್ದು ತಗೊಳ್ಳೋದು?" ಕಳೆದ ತಿಂಗಳು ಚಳ್ಳಕೆರೆ ಕಡೆಯ ಒಬ್ಬ ವಿದ್ಯಾರ್ಥಿನಿ ಇದನ್ನೇ ಕೇಳಿದಳು. ಅವಳ ಕೈಯಲ್ಲಿ ಲ್ಯಾಬಿನ ಫ್ರೀಜರಿನಲ್ಲಿರುವ ವೈರಸ್‌ಗಳ ಪಟ್ಟಿ ಇತ್ತು, ಪ್ರತಿಯೊಂದರ ಮುಂದೆ ಬೆಳಕಿನ ಬಣ್ಣ ಬರೆದಿತ್ತು. ಬಣ್ಣ ನೋಡಿ ಆಯ್ಕೆ ಮಾಡುವುದು ಅಂದುಕೊಂಡಿದ್ದಳು. ನಾನು ಅವಳಿಗೆ ಮೊದಲು ಕೇಳಿದ್ದು ಎರಡೇ ಪ್ರಶ್ನೆ: ಎಷ್ಟು ಹೊತ್ತು ಸುಮ್ಮನಾಗಿಸಬೇಕು? ಕೋಶದ ಯಾವ ಭಾಗದ ಮೇಲೆ ಬೆಳಕು ಬೀಳುತ್ತದೆ? ಈ ಎರಡಕ್ಕೆ ಉತ್ತರ ಬರೆದಿಟ್ಟರೆ ಪಟ್ಟಿಯಲ್ಲಿ ಮುಕ್ಕಾಲು ಪಾಲು ತಾನಾಗಿಯೇ ಬಿದ್ದುಹೋಗುತ್ತದೆ. ಅವಳ ಪ್ರಯೋಗವನ್ನೇ ಇಟ್ಟುಕೊಂಡು ಅದು ಹೇಗೆ ಅಂತ ಇಲ್ಲಿ ಬರೆಯುತ್ತೇನೆ.

ಮೊದಲು ಸ್ವಲ್ಪ ಹಿನ್ನೆಲೆ. ಕೆಲವು ಪಾಚಿಗಳಲ್ಲಿ, ಉಪ್ಪುನೀರಿನ ಸೂಕ್ಷ್ಮಜೀವಿಗಳಲ್ಲಿ ಬೆಳಕು ತಾಗಿದರೆ ಅಯಾನುಗಳನ್ನು ಸಾಗಿಸುವ ಪ್ರೋಟೀನುಗಳಿವೆ. ಅವಕ್ಕೆ ಆಪ್ಸಿನ್ ಅನ್ನುತ್ತಾರೆ. ಆಪ್ಸಿನ್‌ನ ಜೀನನ್ನು ಇಲಿಯ ನರಕೋಶಕ್ಕೆ ಸೇರಿಸಿದರೆ ಆ ಕೋಶವೂ ಬೆಳಕಿನ ಮಾತು ಕೇಳುತ್ತದೆ. ಇದೇ ಆಪ್ಟೊಜೆನೆಟಿಕ್ಸ್. 2005ರಲ್ಲಿ ಬಾಯ್ಡನ್, ಡೈಸರಾಥ್ ಮತ್ತು ಜೊತೆಯವರು ಒಂದು ಹಸಿರು ಪಾಚಿಯ ಚಾನೆಲ್‌ರೊಡಾಪ್ಸಿನ್-2 ಬಳಸಿ, ನೀಲಿ ಬೆಳಕಿನ ಒಂದೊಂದು ಮಿಂಚಿಗೆ ನರಕೋಶ ಒಂದೊಂದು ಸ್ಪೈಕ್, ಅಂದರೆ ವಿದ್ಯುತ್ತಿನ ಮಿಡಿತ, ಹೊಡೆಯುವಂತೆ ಮಾಡಿ ತೋರಿಸಿದರು. ನಿರ್ದಿಷ್ಟ ಬಗೆಯ ಕೋಶಕ್ಕೆ ಮಾತ್ರ ಆಪ್ಸಿನ್ ಸೇರಬೇಕಾದರೆ ಎರಡು ಕೀಲಿ ಹಾಕುತ್ತಾರೆ. ಆ ಬಗೆಯ ಕೋಶದಲ್ಲಿ ಮಾತ್ರ 'ಕ್ರೀ' ಎಂಬ ಕಿಣ್ವ ತಯಾರಾಗುವ ಇಲಿತಳಿ ಒಂದು ಕೀಲಿ. ಕ್ರೀ ಇದ್ದರೆ ಮಾತ್ರ ನೇರವಾಗುವ, ಇಲ್ಲದಿದ್ದರೆ ತಲೆಕೆಳಗಾಗಿ ಮಲಗಿರುವ ಜೀನ್ ಹೊತ್ತ ಎಎವಿ ವೈರಸ್ ಇನ್ನೊಂದು. ಎರಡೂ ಸೇರಿದ ಕೋಶದಲ್ಲಷ್ಟೇ ಆಪ್ಸಿನ್ ಹುಟ್ಟುತ್ತದೆ.

ಕೋಶವನ್ನು ಎಬ್ಬಿಸುವುದಕ್ಕೆ ಚಾನೆಲ್‌ರೊಡಾಪ್ಸಿನ್ ಮತ್ತು ಅದರ ಬಂಧುಗಳಿಂದ ಬಹುತೇಕ ಕೆಲಸ ಆಗುತ್ತದೆ, ಅಲ್ಲಿ ಆಯ್ಕೆಯ ತಲೆನೋವು ಕಡಿಮೆ. ಸುಮ್ಮನಾಗಿಸುವುದೇ ಕಷ್ಟ. ಎಬ್ಬಿಸಲು ಎರಡು ಮಿಲಿಸೆಕೆಂಡಿನ ಮಿಂಚು ಸಾಕು. ಸುಮ್ಮನಾಗಿಸಲು ಮಾತ್ರ ಬೇಕಾದಷ್ಟು ಹೊತ್ತೂ ಕೋಶವನ್ನು ಹಿಡಿದಿಟ್ಟಿರಬೇಕು. ಹಿಡಿದಿಟ್ಟಷ್ಟೂ ಕೋಶದ ಒಳಗೆ ಏನಾದರೂ ಒಂದು ಬದಲಾಗುತ್ತಾ ಹೋಗುತ್ತದೆ.

ಹೊತ್ತು ಬದಲಾದರೆ ಉತ್ತರವೇ ಬದಲು

ಅವಳ ಪ್ರಶ್ನೆ ಇದು: ಇಲಿಗೆ ಒಂದು ಪೆಟ್ಟಿಗೆಯಲ್ಲಿ ಕಾಲಿಗೆ ಸಣ್ಣ ಶಾಕ್ ಕೊಟ್ಟಿರುತ್ತಾರೆ. ತಿಂಗಳ ನಂತರ ಅದೇ ಪೆಟ್ಟಿಗೆಗೆ ಬಿಟ್ಟರೆ ಇಲಿ ಹೆದರಿ ಮಿಸುಕದೆ ನಿಲ್ಲುತ್ತದೆ. ಈ ಹಳೆಯ ನೆನಪು ಎದ್ದು ಬರಲು ಮೆದುಳಿನ ಒಳಗಿರುವ ಹಿಪೊಕ್ಯಾಂಪಸ್‌ನ ಸಿಎ1 ಭಾಗದ ಪಿರಮಿಡ್ ಕೋಶಗಳು ಬೇಕೇ, ಬೇಡವೇ?

ಇದು ಹಳೆಯ ಪ್ರಶ್ನೆ. 1992ರಲ್ಲಿ ಕಿಮ್ ಮತ್ತು ಫಾನ್ಸೆಲೊ ದೊಡ್ಡ ಇಲಿಗಳಲ್ಲಿ ಶಾಕ್ ಆದ 28 ದಿನಕ್ಕೆ ಹಿಪೊಕ್ಯಾಂಪಸ್‌ಗೆ ಗಾಯ ಮಾಡಿ ನೋಡಿದಾಗ ಆ ಜಾಗದ ಭಯ ಹಾಗೇ ಉಳಿದಿತ್ತು. ಮಾರನೇ ದಿನವೇ ಗಾಯ ಮಾಡಿದ ಇಲಿಗಳಲ್ಲಿ ಭಯ ಅಳಿಸಿಹೋಗಿತ್ತು. ಹಾಗಾಗಿ ಹಳೆಯ ನೆನಪಿಗೆ ಹಿಪೊಕ್ಯಾಂಪಸ್ ಬೇಡ, ಅದು ಮೆದುಳಿನ ಹೊರಪದರವಾದ ಕಾರ್ಟೆಕ್ಸ್‌ಗೆ ವರ್ಗವಾಗಿರುತ್ತದೆ ಎಂಬ ಮಾತು ಗಟ್ಟಿಯಾಯಿತು.

2011ರಲ್ಲಿ ಇನ್ಬಾಲ್ ಗೋಷೆನ್ ಮತ್ತು ಡೈಸರಾಥ್ ತಂಡ ಅದೇ ಪ್ರಶ್ನೆಯನ್ನು ಬೆಳಕಿನಿಂದ ಕೇಳಿತು. ಸಿಎ1 ಕೋಶಗಳಿಗೆ ಹ್ಯಾಲೊರೊಡಾಪ್ಸಿನ್ ಎಂಬ ಸುಮ್ಮನಾಗಿಸುವ ಆಪ್ಸಿನ್ ಹಾಕಿ, ಇಲಿ ಪೆಟ್ಟಿಗೆಯಲ್ಲಿದ್ದ ಕೆಲವೇ ನಿಮಿಷ ಮಾತ್ರ ಬೆಳಕು ಕೊಟ್ಟರು. ನಾಲ್ಕು ವಾರ ಹಳೆಯ ಭಯವೂ ಬಿದ್ದುಹೋಯಿತು, ಇಲಿ ಆರಾಮಾಗಿ ಓಡಾಡಿತು. ಹಾಗಾದರೆ ಹಿಪೊಕ್ಯಾಂಪಸ್ ಬೇಕು. ಆಮೇಲೆ ಅವರು ಮಾಡಿದ್ದೇ ನನಗೆ ಈ ಕ್ಷೇತ್ರದಲ್ಲಿ ತುಂಬಾ ಇಷ್ಟವಾದ ಪ್ರಯೋಗ. ಅದೇ ಆಪ್ಸಿನ್, ಅದೇ ಕೋಶ, ಅದೇ ಬೆಳಕು. ಆದರೆ ಪರೀಕ್ಷೆಗೆ 30 ನಿಮಿಷ ಮೊದಲೇ ಬೆಳಕು ಹಚ್ಚಿ, ಪರೀಕ್ಷೆ ಮುಗಿಯುವವರೆಗೂ ಬಿಟ್ಟರು. ಈಗ ಇಲಿ ಹೆದರಿ ನಿಂತಿತು, ಅಂದರೆ ನೆನಪು ಉಳಿದಿತ್ತು. ಆ ಅರ್ಧ ಗಂಟೆಯಲ್ಲಿ ಕಾರ್ಟೆಕ್ಸ್‌ನ ಮುಂಭಾಗದ ಒಂದು ಪಟ್ಟಿ, ಆಂಟೀರಿಯರ್ ಸಿಂಗ್ಯುಲೇಟ್, ಕೆಲಸವನ್ನು ತನ್ನ ಕೈಗೆ ತೆಗೆದುಕೊಂಡಿತ್ತು.

ಇದನ್ನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ಕೆಮೊಜೆನೆಟಿಕ್ಸ್ ಹಾಕಿದ್ರೆ ನಂಗೆ ಉಲ್ಟಾ ಉತ್ರ ಬರುತ್ತೆ ಅಲ್ವಾ ಸರ್?" ಅಂದಳು. ಬರಬಹುದು. ಕೆಮೊಜೆನೆಟಿಕ್ಸ್‌ನಲ್ಲಿ ಎಚ್‌ಎಂ4ಡಿಐ ಎಂಬ ಕೃತಕ ಗ್ರಾಹಕವನ್ನು ಕೋಶಕ್ಕೆ ಹಾಕಿ, ಸಿಎನ್‌ಒ ಎಂಬ ಔಷಧದ ಇಂಜೆಕ್ಷನ್ ಕೊಡುತ್ತಾರೆ. ಅದು ಹತ್ತಲು ಅರ್ಧ ಗಂಟೆಯ ಆಸುಪಾಸು ಬೇಕು, ಇಳಿಯಲು ಗಂಟೆಗಟ್ಟಲೆ ಬೇಕು. ಅಷ್ಟರಲ್ಲಿ ಮೆದುಳು ಬೇರೆ ದಾರಿ ಹುಡುಕಿಕೊಂಡಿರುತ್ತದೆ. ಔಷಧದ್ದು ಇನ್ನೊಂದು ತೊಡಕೂ ಇದೆ. ಸಿಎನ್‌ಒ ದೇಹದಲ್ಲಿ ಕ್ಲೋಜಪಿನ್ ಆಗಿ ಮಾರ್ಪಡುತ್ತದೆ, ಮೆದುಳಿನಲ್ಲಿ ಕೆಲಸ ಮಾಡುವುದೂ ಆ ಕ್ಲೋಜಪಿನ್ನೇ ಎಂದು 2017ರಲ್ಲಿ ಗೊತ್ತಾಯಿತು. ಕ್ಲೋಜಪಿನ್ ಮನೋರೋಗಕ್ಕೆ ಕೊಡುವ ಮಾತ್ರೆ, ಗ್ರಾಹಕ ಇಲ್ಲದ ಇಲಿಯ ಮೇಲೂ ಅದರ ಪರಿಣಾಮ ಇರಬಹುದು. ಆದ್ದರಿಂದ ಗ್ರಾಹಕ ಇಲ್ಲದ, ಔಷಧ ಮಾತ್ರ ಪಡೆದ ಇಲಿಗಳ ಗುಂಪು ಕಡ್ಡಾಯ. ಹಸಿವು, ನಿದ್ದೆ, ದಿನಗಟ್ಟಲೆ ನಡೆಯುವ ಕಲಿಕೆ ಇಂಥ ನಿಧಾನದ ಪ್ರಶ್ನೆಗಳಿಗೆ ಕೆಮೊಜೆನೆಟಿಕ್ಸ್ ಒಳ್ಳೆಯದೇ. ತಲೆಗೆ ಕೇಬಲ್ ಕಟ್ಟುವ ರಗಳೆಯೂ ಇಲ್ಲ. ಐದು ನಿಮಿಷದ ನೆನಪಿನ ಪ್ರಶ್ನೆಗೆ ಅದನ್ನು ನಾನು ಕೊಡುವುದಿಲ್ಲ.

ಹಾಗೆಂದು ಥಟ್ಟನೆ ಆಫ್ ಮಾಡಿ ಸಿಕ್ಕ ಉತ್ತರವೇ ಸತ್ಯ ಅಂತಲೂ ಅಲ್ಲ. 2015ರಲ್ಲಿ ಓಚಿ, ಓಲ್ವೆಟ್ಸ್ಕಿ ಮುಂತಾದವರು ಇದನ್ನು ತೋರಿಸಿದರು. ಕಲಿತ ಚಲನೆಯೊಂದನ್ನು ಇಲಿಗಳು ಮೋಟಾರ್ ಕಾರ್ಟೆಕ್ಸ್ ಪೂರ್ತಿ ಕಳೆದುಕೊಂಡ ಮೇಲೂ ಚೇತರಿಸಿಕೊಂಡು ಮಾಡುತ್ತಿದ್ದವು. ಅದೇ ಜಾಗವನ್ನು ಔಷಧದಿಂದ ತಾತ್ಕಾಲಿಕವಾಗಿ ಸುಮ್ಮನಾಗಿಸಿದರೆ ಮಾತ್ರ ಆ ಕೌಶಲ ಕೆಡುತ್ತಿತ್ತು. ಒಂದು ಜಾಗ ಥಟ್ಟನೆ ನಿಂತಾಗ ಅದರಿಂದ ಸದಾ ಸಂದೇಶ ಪಡೆಯುತ್ತಿದ್ದ ಪಕ್ಕದ ಜಾಗಗಳೂ ತತ್ತರಿಸುತ್ತವೆ. ಆದ್ದರಿಂದ ಅವಳ ಪ್ರಯೋಗದಲ್ಲಿ ಸಣ್ಣ ಹೊತ್ತಿನ ಗುಂಪಿನ ಜೊತೆ ಉದ್ದ ಹೊತ್ತಿನ ಗುಂಪೂ ಇರಲೇಬೇಕು ಎಂದು ನಾನು ಹಟ ಹಿಡಿದೆ.

ಪಂಪ್‌ಸೆಟ್ಟೋ, ತೂಬೋ

ಬೆಳಕಿನಿಂದ ಸುಮ್ಮನಾಗಿಸುವ ಆಪ್ಸಿನ್‌ಗಳಲ್ಲಿ ಎರಡು ಮುಖ್ಯ ಜಾತಿ. ಒಂದು ಪಂಪ್, ಇನ್ನೊಂದು ಚಾನೆಲ್. ಚಿತ್ರದುರ್ಗದ ಕಡೆಯವರಿಗೆ ಬೋರ್‌ವೆಲ್ಲಿನ ಪಂಪ್‌ಸೆಟ್ ಗೊತ್ತು, ದಾವಣಗೆರೆ ಕಡೆಯವರಿಗೆ ಭದ್ರಾ ನಾಲೆಯ ತೂಬು ಗೊತ್ತು. ಪಂಪ್‌ಸೆಟ್ ಕರೆಂಟ್ ಇದ್ದಷ್ಟು ಹೊತ್ತು ನೀರನ್ನು ಒಂದೇ ದಿಕ್ಕಿಗೆ, ಮಟ್ಟ ಎಷ್ಟೇ ಇರಲಿ, ತಳ್ಳುತ್ತದೆ. ತೂಬು ಎತ್ತಿದರೆ ನೀರು ಮಟ್ಟ ನೋಡಿ ಹರಿಯುತ್ತದೆ. ನಾಲೆಯಲ್ಲಿ ಹೆಚ್ಚಿದ್ದರೆ ಗದ್ದೆಗೆ, ಗದ್ದೆಯಲ್ಲೇ ಹೆಚ್ಚಿದ್ದರೆ ಹಿಂದಕ್ಕೆ. ಆಪ್ಸಿನ್ ಆಯ್ಕೆಯ ಮುಕ್ಕಾಲು ವಿಷಯ ಇದರಲ್ಲೇ ಇದೆ.

ಪಂಪ್‌ಗಳಲ್ಲಿ ಹೆಚ್ಚು ಬಳಕೆಯವು ಹ್ಯಾಲೊರೊಡಾಪ್ಸಿನ್ ಮತ್ತು ಆರ್ಕ್. ಹ್ಯಾಲೊರೊಡಾಪ್ಸಿನ್ 2007ರಿಂದ ನರಕೋಶಗಳಲ್ಲಿ ಬಳಕೆಯಲ್ಲಿದೆ. ಹಳದಿ ಬೆಳಕಿಗೆ ಕ್ಲೋರೈಡನ್ನು ಕೋಶದ ಒಳಕ್ಕೆ ತಳ್ಳುತ್ತದೆ. 2010ರಲ್ಲಿ ಬಂದ ಆರ್ಕ್ ಹಸಿರು-ಹಳದಿ ಬೆಳಕಿಗೆ ಪ್ರೋಟಾನನ್ನು ಹೊರಕ್ಕೆ ತಳ್ಳುತ್ತದೆ. ಎರಡೂ ಕೋಶದ ವೋಲ್ಟೇಜನ್ನು ಋಣದ ಕಡೆಗೆ ಎಳೆದು ಸ್ಪೈಕ್ ಆಗದಂತೆ ಮಾಡುತ್ತವೆ. ಕೆಲವು ಸೆಕೆಂಡಿನ ಕೆಲಸಕ್ಕೆ ಎರಡೂ ಚೆನ್ನ. ಆದರೆ ಪಂಪ್ ಒಂದು ಸುತ್ತಿಗೆ ಒಂದೇ ಅಯಾನು ಸಾಗಿಸುತ್ತದೆ. ಹಾಗಾಗಿ ಜೋರು ಬೆಳಕು ಬೇಕು, ಅದೂ ಬಿಡದೆ ಬೇಕು.

ಮಟ್ಟ ನೋಡದೆ ತಳ್ಳುವುದರ ಬೆಲೆಯೂ ಇದೆ. ಹ್ಯಾಲೊರೊಡಾಪ್ಸಿನ್ ನಿಮಿಷಗಟ್ಟಲೆ ಓಡಿದರೆ ಕೋಶದೊಳಗೆ ಕ್ಲೋರೈಡ್ ತುಂಬಿಕೊಳ್ಳುತ್ತದೆ. ಗಾಬಾ ಎಂಬ ತಡೆಯುವ ರಾಸಾಯನಿಕ ಕೆಲಸ ಮಾಡುವುದು ಕ್ಲೋರೈಡ್ ಒಳಗೆ ಕಡಿಮೆ, ಹೊರಗೆ ಹೆಚ್ಚು ಎಂಬ ವ್ಯತ್ಯಾಸದ ಮೇಲೆ. ಆ ವ್ಯತ್ಯಾಸ ಕರಗಿದರೆ ಬೆಳಕು ಆರಿದ ಮೇಲೆ ಗಾಬಾ ತಡೆಯುವ ಬದಲು ಕೋಶವನ್ನು ಸ್ಪೈಕ್ ಕಡೆಗೇ ತಳ್ಳಬಲ್ಲದು. ರೈಮಾಂಡೊ ಮತ್ತು ಜೊತೆಯವರು 2012ರಲ್ಲಿ ಇದನ್ನು ಅಳೆದು ತೋರಿಸಿದರು. ಆರ್ಕ್ ಹಾಕಿದ ಕೋಶಗಳಲ್ಲಿ ಆ ತೊಂದರೆ ಕಾಣಲಿಲ್ಲ. ಅಂದರೆ ಬೆಳಕು ಇದ್ದಾಗ ಏನಾಯಿತು ಎಂಬುದಷ್ಟೇ ನಿಮ್ಮ ಪ್ರಶ್ನೆಯಾದರೆ ಹ್ಯಾಲೊರೊಡಾಪ್ಸಿನ್ ನಡೆಯುತ್ತದೆ. ಬೆಳಕು ಆರಿಸಿದ ಮುಂದಿನ ಕೆಲವು ಸೆಕೆಂಡೂ ನಿಮ್ಮ ದತ್ತಾಂಶದಲ್ಲಿ ಸೇರುವುದಾದರೆ ಬೇಡ. ಇದನ್ನು ಗುರುತಿಸುವುದು ಹೇಗೆಂದರೆ, ಒಂದೆರಡು ಇಲಿಗಳಲ್ಲಿ ಮೆದುಳಿಗೆ ಬೆಳಕು ಒಯ್ಯುವ ಫೈಬರಿನ ಜೊತೆ ಎಲೆಕ್ಟ್ರೋಡ್ ಇಳಿಸಿ, ಬೆಳಕು ಆರಿದ ಕ್ಷಣದಲ್ಲಿ ಸ್ಪೈಕ್‌ಗಳು ಮೊದಲಿದ್ದುದಕ್ಕಿಂತ ಮೇಲೆ ಹಾರುತ್ತವೆಯೇ ಎಂದು ನೋಡಬೇಕು. ಹಾರಿದರೆ ಬೆಳಕನ್ನು ಥಟ್ಟನೆ ಕತ್ತರಿಸದೆ ಒಂದು ಸೆಕೆಂಡಿನೊಳಗಿನ ಇಳಿಜಾರಿನಲ್ಲಿ ಇಳಿಸಿದರೆ ಆ ಜಿಗಿತ ತಗ್ಗುತ್ತದೆ.

ಚಾನೆಲ್ ಜಾತಿಯದು 2015ರಲ್ಲಿ ಬಂತು. ಗೊವೊರುನೊವಾ ಮತ್ತು ಜೊತೆಯವರು ಗಿಲಾರ್ಡಿಯಾ ಥೀಟಾ ಎಂಬ ಸಣ್ಣ ಪಾಚಿಯಲ್ಲಿ ಜಿಟಿಎಸಿಆರ್1, ಜಿಟಿಎಸಿಆರ್2 ಎಂಬ ಕ್ಲೋರೈಡ್ ಚಾನೆಲ್‌ಗಳನ್ನು ಕಂಡುಕೊಂಡರು. ಇದು ತೂಬು. ಒಂದು ಸಲ ತೆರೆದರೆ ಅಯಾನುಗಳು ಸಾಲಾಗಿ ಹರಿಯುತ್ತವೆ, ಆದ್ದರಿಂದ ತುಂಬಾ ಕಡಿಮೆ ಬೆಳಕು ಸಾಕು. ಕೋಶಕಾಯದಲ್ಲಿ ಕ್ಲೋರೈಡಿನ ಮಟ್ಟ ವಿಶ್ರಾಂತಿ ವೋಲ್ಟೇಜಿನ ಹತ್ತಿರವೇ ಸಮವಾಗಿರುವುದರಿಂದ ಕೋಶ ಬಹಳ ಋಣಕ್ಕೂ ಹೋಗುವುದಿಲ್ಲ, ಇದ್ದಲ್ಲೇ ನಿಲ್ಲುತ್ತದೆ. ಎಬ್ಬಿಸಲು ಬರುವ ಸಂದೇಶವೆಲ್ಲ ಆ ತೆರೆದ ತೂಬಿನಲ್ಲಿ ಸೋರಿಹೋಗುತ್ತದೆ.

ಪೆಟ್ಟು ಬೀಳುವುದು ಆಕ್ಸಾನಿನಲ್ಲಿ, ಅಂದರೆ ಕೋಶದಿಂದ ಸಂದೇಶ ಹೊರಗೊಯ್ಯುವ ಉದ್ದ ಎಳೆಯಲ್ಲಿ. ಆಕ್ಸಾನಿನೊಳಗೆ ಕ್ಲೋರೈಡ್ ಕೋಶಕಾಯಕ್ಕಿಂತ ಹೆಚ್ಚಿರುತ್ತದೆ. ತೂಬು ತೆರೆದರೆ ಅಲ್ಲಿ ಕ್ಲೋರೈಡ್ ಹೊರಗೆ ಹರಿದು, ಸುಮ್ಮನಾಗಬೇಕಾದ ಆಕ್ಸಾನ್ ಬೆಳಕು ಹಚ್ಚಿದ ಕ್ಷಣಕ್ಕೇ ಸ್ಪೈಕ್ ಹೊಡೆದು, ಮುಂದಿನ ಕೋಶಕ್ಕೆ ಸಂದೇಶ ಮುಟ್ಟಿಸುವ ನರಪ್ರೇಷಕ ರಾಸಾಯನಿಕವನ್ನು ಉಗುಳುತ್ತದೆ. ಇದನ್ನು ತಪ್ಪಿಸಲು 2018ರಲ್ಲಿ ಮಾನ್, ಯಿಝರ್ ಮತ್ತು ಜೊತೆಯವರು ಪೊಟ್ಯಾಸಿಯಂ ಚಾನೆಲ್ಲೊಂದರ ತುಣುಕನ್ನು ಜಿಟಿಎಸಿಆರ್2ಗೆ ಅಂಟಿಸಿ ಅದು ಕೋಶಕಾಯ ಮತ್ತು ಅದರ ಹತ್ತಿರದಲ್ಲೇ ಉಳಿಯುವಂತೆ ಮಾಡಿದರು. ಇದಕ್ಕೆ ಎಸ್‌ಟಿ-ಜಿಟಿಎಸಿಆರ್2 ಎಂದು ಹೆಸರು. ಆಕ್ಸಾನಿನ ಸ್ಪೈಕ್ ಬಹಳ ಇಳಿಯಿತು. ಪೂರ್ತಿ ಹೋಯಿತು ಎಂದು ನಂಬಿಕೊಂಡು ಕೂರಬಾರದು, ಪ್ರತಿ ತಳಿಯಲ್ಲೂ ಅಳೆದು ನೋಡಬೇಕು.

ತುದಿಯ ಮೇಲೆ ಬೆಳಕು ಬೀಳುವುದಾದರೆ

ಈಗ ಎರಡನೇ ಪ್ರಶ್ನೆ. ಬಹಳ ಮಂದಿಗೆ ಬೇಕಾದ್ದು ಕೋಶವನ್ನೇ ನಿಲ್ಲಿಸುವುದಲ್ಲ, ಆ ಕೋಶ ಒಂದು ನಿರ್ದಿಷ್ಟ ಜಾಗಕ್ಕೆ ಕಳಿಸುವ ಸಂದೇಶವನ್ನು ಮಾತ್ರ ನಿಲ್ಲಿಸುವುದು. ಆಗ ವೈರಸ್ಸನ್ನು ಒಂದು ಕಡೆ ಹಾಕಿ, ಫೈಬರನ್ನು ಆಕ್ಸಾನ್ ಮುಟ್ಟುವ ದೂರದ ಕಡೆ ಇಳಿಸುತ್ತಾರೆ. ಎಬ್ಬಿಸುವ ಪ್ರಯೋಗದಲ್ಲಿ ಇದು ನಡೆಯುತ್ತದೆ. ಅದೇ ರೂಢಿಯಲ್ಲಿ ಸುಮ್ಮನಾಗಿಸುವ ಆಪ್ಸಿನ್ ಹಾಕಿದವರು ಬಹಳ ಜನ, ಅಲ್ಲೇ ಬಹಳ ಪ್ರಯೋಗಗಳು ದಾರಿ ತಪ್ಪಿವೆ.

ಆಕ್ಸಾನಿನ ತುದಿ ತೀರಾ ಸಣ್ಣ ಜಾಗ. ಅಲ್ಲಿಂದ ಪ್ರೋಟಾನ್ ಹೊರಗೆ ತಳ್ಳುತ್ತಾ ಹೋದರೆ ಒಳಗಿನ ಪಿಎಚ್ ಬೇಗ ಏರುತ್ತದೆ. ಆರ್ಕ್ ಹಾಕಿದ ತುದಿಗಳ ಮೇಲೆ ನಿಮಿಷಗಟ್ಟಲೆ ಬೆಳಕು ಬಿಟ್ಟಾಗ ಪಿಎಚ್ ಏರಿ, ಕ್ಯಾಲ್ಸಿಯಂ ಒಳನುಗ್ಗಿ, ನರಪ್ರೇಷಕ ತಾನಾಗಿಯೇ ಸೋರುವುದು ಹೆಚ್ಚಾಯಿತು ಎಂದು ಮಾನ್ ಮತ್ತು ಜೊತೆಯವರು 2016ರಲ್ಲಿ ವರದಿ ಮಾಡಿದರು. ಹ್ಯಾಲೊರೊಡಾಪ್ಸಿನ್‌ದು ಬೆಳಕು ಆರಿಸಿದಾಗ ಜಿಗಿತ. ಜಿಟಿಎಸಿಆರ್‌ದು ಬೆಳಕು ಹಚ್ಚಿದಾಗ ಜಿಗಿತ. ಅಂದರೆ ಮೂರೂ ತುದಿಯಲ್ಲಿ ನಂಬಿಕೆಗೆ ಅರ್ಹವಲ್ಲ.

ತುದಿಗೆಂದೇ ಬಂದ ಸಾಧನಗಳು 2021ರಲ್ಲಿ ಸಿಕ್ಕವು. ಸೊಳ್ಳೆಯ ಆಪ್ಸಿನ್ ಆಧರಿಸಿದ ಇಒಪಿಎನ್3 ಒಂದು, ಲ್ಯಾಂಪ್ರೆ ಎಂಬ ಮೀನಿನ ಆಪ್ಸಿನ್‌ನಿಂದ ಬಂದ ಪಿಪಿಒ ಇನ್ನೊಂದು. ಇವು ಅಯಾನು ಸಾಗಿಸುವುದಿಲ್ಲ. ತುದಿಯಲ್ಲಿ ನರಪ್ರೇಷಕ ಬಿಡುಗಡೆಯನ್ನು ತಗ್ಗಿಸುವ ಜಿ-ಪ್ರೋಟೀನ್ ದಾರಿಯನ್ನೇ ಬೆಳಕಿನಿಂದ ಒತ್ತುತ್ತವೆ. ಇಒಪಿಎನ್3ಗೆ ಬಹಳ ಕಡಿಮೆ ಬೆಳಕು ಸಾಕು, ಆದರೆ ಒಮ್ಮೆ ಹತ್ತಿದರೆ ಇಳಿಯಲು ನಿಮಿಷಗಳು ಬೇಕು. ಸೆಕೆಂಡ್ ಲೆಕ್ಕದ ಪ್ರಯೋಗಕ್ಕೆ ಅದು ಆಗದು. ಪಿಪಿಒ ಒಂದು ಬಣ್ಣಕ್ಕೆ ಹತ್ತಿ ಇನ್ನೊಂದು ಬಣ್ಣಕ್ಕೆ ಆರುವುದರಿಂದ ಹಿಡಿತ ಹೆಚ್ಚು. ನಮ್ಮ ವಿದ್ಯಾರ್ಥಿನಿಗೆ ಬೇಕಾದದ್ದು ಸಿಎ1 ಕೋಶಗಳನ್ನೇ ನಿಲ್ಲಿಸುವುದಾದ್ದರಿಂದ ಈ ಸಾಲು ಇಲ್ಲಿಗೆ ಮುಗಿಯಿತು.

ಕಾರ್ಟೆಕ್ಸ್‌ನಲ್ಲಿ ಕೆಲಸ ಮಾಡುವವರು ಇನ್ನೊಂದು ಉಪಾಯ ಬಳಸುತ್ತಾರೆ. ತಡೆಯುವ ಕೋಶಗಳಿಗೆ ಚಾನೆಲ್‌ರೊಡಾಪ್ಸಿನ್ ಹಾಕಿ ಅವನ್ನು ಎಬ್ಬಿಸಿ, ಅವುಗಳ ಮೂಲಕ ಸುತ್ತಲಿನ ಎಲ್ಲರನ್ನೂ ಸುಮ್ಮನಾಗಿಸುವುದು. ಬಹಳ ಬಲವಾಗಿ ಕೆಲಸ ಮಾಡುತ್ತದೆ, ಕಡಿಮೆ ಬೆಳಕಿಗೇ ಆಗುತ್ತದೆ. ಆದರೆ ನಿಲ್ಲುವುದು ಒಂದು ಪ್ರದೇಶ, ಒಂದು ಬಗೆಯ ಕೋಶ ಅಲ್ಲ. ಪರಿಣಾಮ ಬೆಳಕು ಬಿದ್ದ ಜಾಗದಿಂದ ಮಿಲಿಮೀಟರ್‌ನಷ್ಟು ಆಚೆಗೂ ಹರಡುತ್ತದೆ. ಇಲಿಯ ಮೆದುಳಿನಲ್ಲಿ ಒಂದು ಮಿಲಿಮೀಟರ್ ಅಂದರೆ ಬಹಳ ದೂರ.

ಬೆಳಕಿನ ಲೆಕ್ಕ, ಕಾಗದದ ಮೇಲೆ

ಇದನ್ನು ಲ್ಯಾಬಿಗೆ ಹೋಗುವ ಮೊದಲೇ ಮಾಡಬಹುದು. 200 ಮೈಕ್ರಾನ್ ವ್ಯಾಸದ ಫೈಬರಿನ ತುದಿಯ ಅಡ್ಡಕೊಯ್ತ 0.0314 ಚದರ ಮಿಲಿಮೀಟರ್. ತುದಿಯಲ್ಲಿ 10 ಮಿಲಿವ್ಯಾಟ್ ಬಂದರೆ ಅಲ್ಲಿನ ತೀವ್ರತೆ ಚದರ ಮಿಲಿಮೀಟರಿಗೆ ಸುಮಾರು 318 ಮಿಲಿವ್ಯಾಟ್. ಮುಂದಕ್ಕೆ ಹೋದಂತೆ ಬೆಳಕು ಶಂಕುವಿನಾಕಾರದಲ್ಲಿ ಅಗಲವಾಗುತ್ತದೆ, ಜೊತೆಗೆ ಮೆದುಳಿನ ಅಂಗಾಂಶದಲ್ಲಿ ಚದುರುತ್ತದೆ. 2007ರಲ್ಲಿ ಅರವಾನಿಸ್ ಮುಂತಾದವರು ಕೊಟ್ಟ ಸೂತ್ರದಲ್ಲಿ ಈ ಎರಡನ್ನೂ ಗುಣಿಸುತ್ತಾರೆ. ಬೆಳಕು ಎಷ್ಟು ಅಗಲಕ್ಕೆ ಹರಡುತ್ತದೆ ಎಂದು ಹೇಳುವ ಎನ್‌ಎ 0.37 ಇರುವ ಫೈಬರಿಗೆ, ನೀಲಿ ಬೆಳಕಿಗೆ ಲೆಕ್ಕ ಹಾಕಿದರೆ ಅರ್ಧ ಮಿಲಿಮೀಟರ್ ಕೆಳಗೆ 318ರಲ್ಲಿ ಸುಮಾರು 8 ಉಳಿಯುತ್ತದೆ. ಒಂದು ಮಿಲಿಮೀಟರಿನಲ್ಲಿ 2 ಕೂಡ ಇಲ್ಲ. ಹಳದಿ ಬೆಳಕು ಸ್ವಲ್ಪ ಹೆಚ್ಚು ದೂರ ಹೋಗುತ್ತದೆ, ಆದರೆ ಚಿತ್ರ ಇದೇ.

ಪಂಪ್‌ಗಳು ಚೆನ್ನಾಗಿ ಓಡಲು ಚದರ ಮಿಲಿಮೀಟರಿಗೆ ಹಲವು ಮಿಲಿವ್ಯಾಟ್ ಬೇಕು. ಹಾಗಾಗಿ 10 ಮಿಲಿವ್ಯಾಟ್ ಕೊಟ್ಟರೂ ಫೈಬರಿನಿಂದ ಅರ್ಧ ಮಿಲಿಮೀಟರಿನ ಆಸುಪಾಸಿನ ಕೋಶಗಳಷ್ಟೇ ಗ್ಯಾರಂಟಿಯಾಗಿ ಸುಮ್ಮನಾಗುತ್ತವೆ. ಅದರಾಚೆಯವು ಅರೆಬರೆ. ಎಸ್‌ಟಿ-ಜಿಟಿಎಸಿಆರ್2ಗೆ ಚದರ ಮಿಲಿಮೀಟರಿಗೆ ಒಂದು ಮಿಲಿವ್ಯಾಟಿಗಿಂತ ಕಡಿಮೆ ಸಾಕು. ತುದಿಯಲ್ಲಿ 2 ಮಿಲಿವ್ಯಾಟ್ ಇಟ್ಟರೂ ಅರ್ಧ ಮಿಲಿಮೀಟರಿನಲ್ಲಿ 1.6ರಷ್ಟು ಸಿಗುತ್ತದೆ. ಇದರ ಇನ್ನೊಂದು ಮುಖವನ್ನೂ ಮರೆಯಬಾರದು. ಅಷ್ಟು ಸೂಕ್ಷ್ಮವಾದ ಆಪ್ಸಿನ್ ಇದ್ದರೆ ದೂರದ ಮಬ್ಬು ಬೆಳಕಿಗೂ ಕೋಶಗಳು ಸುಮ್ಮನಾಗುತ್ತವೆ. ಆಗ ಪರಿಣಾಮದ ಗಡಿಯನ್ನು ಬೆಳಕು ಹಾಕುವುದಿಲ್ಲ, ವೈರಸ್ ಎಲ್ಲಿಯವರೆಗೆ ಹರಡಿದೆ ಎಂಬುದೇ ಹಾಕುತ್ತದೆ. ವೈರಸ್ ಸಿಎ1 ದಾಟಿ ಮೇಲಿನ ಕಾರ್ಟೆಕ್ಸ್‌ಗೆ ಸೋರಿದ್ದರೆ ಆ ಇಲಿಯ ದತ್ತಾಂಶವನ್ನು ಬಿಡಬೇಕು. ಇದನ್ನು ನಡವಳಿಕೆಯ ಫಲಿತಾಂಶ ನೋಡುವ ಮೊದಲೇ, ಮೆದುಳಿನ ತೆಳು ಸೀಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ತೀರ್ಮಾನಿಸಬೇಕು.

ಬೆಳಕಿನ ಲೆಕ್ಕದಲ್ಲಿ ಶಾಖವೂ ಸೇರಿದೆ. ಜೋರು ಬೆಳಕನ್ನು ಬಿಡದೆ ಹರಿಸಿದರೆ ಫೈಬರ್ ತುದಿಯ ಅಂಗಾಂಶ ಒಂದೆರಡು ಡಿಗ್ರಿ ಬಿಸಿಯಾಗಬಲ್ಲದು. 2019ರಲ್ಲಿ ಓವನ್, ಲಿಯು ಮತ್ತು ಕ್ರೈಟ್ಸರ್ ಆಪ್ಸಿನ್ನೇ ಇಲ್ಲದ ಇಲಿಗಳ ಮೆದುಳಿನಲ್ಲಿ ಚಲನೆಗೆ ಸಂಬಂಧಿಸಿದ ಸ್ಟ್ರಯೇಟಮ್‌ಗೆ ಬೆಳಕು ಹರಿಸಿದರು. ಕೋಶಗಳ ಸ್ಪೈಕ್ ಇಳಿಯಿತು, ಒಂದು ಬದಿಗೆ ಮಾತ್ರ ಬೆಳಕು ಕೊಟ್ಟಾಗ ಇಲಿಯ ತಿರುಗುವ ದಿಕ್ಕೂ ವಾಲಿತು. ಆಪ್ಸಿನ್ ಇಲ್ಲದೆ! ಆದ್ದರಿಂದ ಆಪ್ಸಿನ್ ಬದಲು ಬರೀ ಹೊಳೆಯುವ ಪ್ರೋಟೀನ್ ಹೊತ್ತ ವೈರಸ್ ಹಾಕಿ, ಅಷ್ಟೇ ಬೆಳಕು, ಅಷ್ಟೇ ಹೊತ್ತು ಕೊಟ್ಟ ಇಲಿಗಳ ಗುಂಪು ಇಲ್ಲದ ಪ್ರಬಂಧವನ್ನು ನಾನು ನಮ್ಮ ಓದುಗುಂಪಿನಲ್ಲಿ ಮುಂದಕ್ಕೆ ಓದಿಸುವುದಿಲ್ಲ. ಬೆಳಕು ಆರಿಸಿದಾಗ, ಹಚ್ಚಿದಾಗ ಅದೇ ಇಲಿಯನ್ನು ಹೋಲಿಸಿದರೆ ಸಾಲದು. ಶಾಖ ಇರುವುದೂ ಬೆಳಕು ಹಚ್ಚಿದಾಗಲೇ.

ಅವಳಿಗೆ ನಾನು ಹೇಳಿದ ಆಯ್ಕೆ

ಐದು ನಿಮಿಷದ ಪರೀಕ್ಷೆ, ಕೋಶಕಾಯದ ಮೇಲೆ ಬೆಳಕು, ಎರಡೂ ಬದಿಯ ಸಿಎ1, ಪಿರಮಿಡ್ ಕೋಶ ಮಾತ್ರ. ಇದಕ್ಕೆ ಎಸ್‌ಟಿ-ಜಿಟಿಎಸಿಆರ್2. ಪಂಪ್ ಹಾಕಿದರೆ ಐದು ನಿಮಿಷಕ್ಕೆ ಕ್ಲೋರೈಡ್ ಅಥವಾ ಪಿಎಚ್ ಲೆಕ್ಕ, ಜೊತೆಗೆ ಎರಡೂ ಬದಿಗೆ ಜೋರು ಬೆಳಕಿನ ಶಾಖ. ಅದರಲ್ಲೂ 35 ನಿಮಿಷದ ಗುಂಪಿಗೆ ಪಂಪ್‌ಗಿಂತ ಇದೇ ಹಗುರ. ಗೋಷೆನ್ ತಂಡ 2011ರಲ್ಲಿ ಹ್ಯಾಲೊರೊಡಾಪ್ಸಿನ್‌ನಲ್ಲೇ ಮಾಡಿದ್ದರು, ಆಗ ಇದು ಇರಲಿಲ್ಲ. ಬೇರೆ ಜಾತಿಯ ಆಪ್ಸಿನ್‌ನಲ್ಲೂ ಅದೇ ಫಲಿತಾಂಶ ಬಂದರೆ ಅದು ಆಪ್ಸಿನ್‌ನ ಅಡ್ಡಪರಿಣಾಮ ಅಲ್ಲ ಎಂಬುದೂ ಗಟ್ಟಿಯಾಗುತ್ತದೆ.

"ಹಾಗಾದ್ರೆ ಎಷ್ಟು ಗುಂಪು ಸರ್? ಗೈಡ್ ಇಲಿ ಕಡ್ಮೆ ಮಾಡು ಅಂತಾರೆ," ಅಂದಳು. ಪ್ರಾಣಿ ನೈತಿಕ ಸಮಿತಿಗೆ ಕೊಡುವ 'ಫಾರ್ಮ್ ಬಿ'ಯಲ್ಲಿ ಪ್ರತಿ ಗುಂಪು ಯಾಕೆ ಬೇಕು ಎಂದು ಬರೆಯಲೇಬೇಕು, ಆ ಕಾಲಮ್ಮನ್ನು ನಾವಿಬ್ಬರೂ ಕೂತು ತುಂಬಿದೆವು. ಆಪ್ಸಿನ್ ಹಾಕಿ ಪರೀಕ್ಷೆಯ ಐದು ನಿಮಿಷ ಮಾತ್ರ ಬೆಳಕು. ಆಪ್ಸಿನ್ ಹಾಕಿ 30 ನಿಮಿಷ ಮೊದಲಿನಿಂದ ಬೆಳಕು. ಹೊಳೆಯುವ ಪ್ರೋಟೀನ್ ಮಾತ್ರ ಹಾಕಿ ಐದು ನಿಮಿಷ ಬೆಳಕು, ಇನ್ನೊಂದರಲ್ಲಿ 35 ನಿಮಿಷ ಬೆಳಕು. ನಾಲ್ಕು ಗುಂಪು, ಯಾವುದನ್ನೂ ಬಿಡಲಾಗದು. ಕೊನೆಯದನ್ನು ಬಿಟ್ಟರೆ ಉದ್ದ ಹೊತ್ತಿನ ಶಾಖಕ್ಕೆ ಜೊತೆ ಸಿಗುವುದಿಲ್ಲ. ಜೀನ್ ಮಾರ್ಪಾಟಿನ ವೈರಸ್ ಇರುವುದರಿಂದ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆಯೂ ಬೇರೆಯಾಗಿ ಬೇಕು.

ವೈರಸ್ ಹಾಕಿದ ಮೇಲೆ ಆಪ್ಸಿನ್ ಸಾಕಷ್ಟು ತುಂಬಲು ಮೂರು ನಾಲ್ಕು ವಾರ ಕಾಯಬೇಕು. ಅವಳ ಪ್ರಯೋಗದಲ್ಲಿ ಶಾಕ್‌ಗೂ ಪರೀಕ್ಷೆಗೂ ನಡುವೆ ಹೇಗೂ 28 ದಿನ ಇದೆ, ಆದರೆ ಶಾಕ್ ಆದ ಮೇಲೆ ಆಪರೇಷನ್ ಮಾಡಿದರೆ ಅರಿವಳಿಕೆ, ಗಾಯ ಎಲ್ಲ ನೆನಪು ಬಲಿಯುವ ಕಾಲದೊಳಗೆ ಬರುತ್ತವೆ. ಅದಕ್ಕೆ ಆಪರೇಷನ್ ಮೊದಲು, ಶಾಕ್ ಆಮೇಲೆ. ಶಾಕ್‌ಗೆ ಮುಂಚೆ ಕೆಲವು ದಿನ ಇಲಿಗೆ ಕೇಬಲ್ ಸಿಕ್ಕಿಸಿ ಬೇರೆ ಪೆಟ್ಟಿಗೆಯಲ್ಲಿ ಓಡಾಡಿಸಿ ರೂಢಿ ಮಾಡಿಸಬೇಕು. ಶಾಕ್ ಕೊಡುವ ದಿನವೂ ಕೇಬಲ್ ಇರಲಿ, ಇಲ್ಲವಾದರೆ ಪರೀಕ್ಷೆಯ ದಿನ ತಲೆಯ ಮೇಲಿನ ಹೊಸ ಭಾರಕ್ಕೇ ಇಲಿ ಅದು ಬೇರೆ ಜಾಗ ಅಂದುಕೊಳ್ಳಬಹುದು. ಫೈಬರಿನ ಜೋಡಣೆಯ ಮೇಲೆ ಕಪ್ಪು ತೋಳು ಹಾಕದಿದ್ದರೆ ನೀಲಿ ಬೆಳಕು ಪೆಟ್ಟಿಗೆಯ ಗೋಡೆಗೆ ಬಿದ್ದು ಇಲಿಗೆ ಕಾಣುತ್ತದೆ. ಅದೂ ಜಾಗದ ಗುರುತನ್ನು ಬದಲಿಸುತ್ತದೆ.

ನಿಲ್ಲುವುದು ಕಡಿಮೆಯಾದರೆ ನೆನಪು ಹೋಯಿತು ಎಂದು ಬರೆಯುವ ಮುನ್ನ ಇನ್ನೊಂದು ಅನುಮಾನವನ್ನು ತೆಗೆಯಬೇಕು. ಸಿಎ1 ಸುಮ್ಮನಾದಾಗ ಇಲಿ ಸುಮ್ಮನೆ ಹೆಚ್ಚು ಓಡಾಡುತ್ತಿರಬಹುದು, ಓಡಾಡುವ ಇಲಿ ನಿಲ್ಲುವುದಿಲ್ಲ. ಹಾಗಾಗಿ ಅದೇ ಇಲಿಗಳನ್ನು ತೆರೆದ ದೊಡ್ಡ ಪೆಟ್ಟಿಗೆಯಲ್ಲಿ ಬಿಟ್ಟು, ಬೆಳಕು ಇದ್ದಾಗ ಇಲ್ಲದಾಗ ಎಷ್ಟು ದೂರ ನಡೆದವು ಎಂದು ಅಳೆಯಬೇಕು. ದೂರ ಒಂದೇ ಇದ್ದು ಶಾಕ್ ಪೆಟ್ಟಿಗೆಯಲ್ಲಿ ಮಾತ್ರ ನಿಲ್ಲುವುದು ಇಳಿದಿದ್ದರೆ ಅದನ್ನು ನೆನಪಿನ ಲೆಕ್ಕಕ್ಕೆ ಹಾಕಬಹುದು.

ಇಷ್ಟಕ್ಕೂ ಮೊದಲು ಮಾಡಬೇಕಾದ್ದು ಮೆದುಳಿನ ಸೀಳಿನಲ್ಲಿ ಒಂದು ಪರೀಕ್ಷೆ. ಒಂದೆರಡು ಇಲಿಗಳಿಗೆ ವೈರಸ್ ಹಾಕಿ, ನಾಲ್ಕು ವಾರಕ್ಕೆ ಸೀಳು ತೆಗೆದು, ಆಪ್ಸಿನ್ ಹೊಳೆಯುವ ಕೋಶಕ್ಕೆ ಪಿಪೆಟ್ ಮುಟ್ಟಿಸಿ ವಿದ್ಯುತ್ ಕೊಟ್ಟು ಸ್ಪೈಕ್ ಹೊಡೆಸಬೇಕು. ಮೊದಲ ನೋಟ, ನೀಲಿ ಬೆಳಕಿಗೆ ಆ ಸ್ಪೈಕ್‌ಗಳು ಐದು ನಿಮಿಷವೂ ನಿಂತೇ ಇರುತ್ತವೆಯೇ ಎಂದು. ಎರಡನೆಯದು, ಪಕ್ಕದ ಆಪ್ಸಿನ್ ಇಲ್ಲದ ಕೋಶಕ್ಕೆ ಪಿಪೆಟ್ ಹಾಕಿದಾಗ ಬೆಳಕು ಹಚ್ಚಿದ ಕ್ಷಣ ಅದಕ್ಕೆ ಸಂದೇಶದ ಗುಂಪೊಂದು ಬಂದು ಬೀಳುತ್ತದೆಯೇ ಎಂದು. ಬಂದರೆ ಆಕ್ಸಾನಿನ ಸ್ಪೈಕ್ ಈ ತಳಿಯಲ್ಲಿ ಉಳಿದಿದೆ ಎಂದರ್ಥ. ಆಗ ಬೆಳಕನ್ನು ನಿಧಾನಕ್ಕೆ ಏರಿಸಿ, ವೈರಸ್ಸಿನ ಪ್ರಮಾಣ ಇಳಿಸಿ ಮತ್ತೆ ನೋಡಬೇಕು. ಅದಕ್ಕೂ ಹೋಗದಿದ್ದರೆ ಆರ್ಕ್‌ಗೆ ಬದಲಾಯಿಸಿ, ಕೋಶಕಾಯದ ಮೇಲೆ ಮಾತ್ರ ಬೆಳಕು ಇಟ್ಟು, ಉದ್ದ ಹೊತ್ತಿನ ಗುಂಪಿಗೆ ಬೆಳಕನ್ನು ನಡುನಡುವೆ ಬಿಡುವು ಕೊಟ್ಟು ಹಚ್ಚಬೇಕು ಎಂದು ಬರೆದುಕೊಟ್ಟಿದ್ದೇನೆ. ಸೀಳಿನ ಪರೀಕ್ಷೆಯನ್ನು ಅವಳು ಮುಂದಿನ ತಿಂಗಳು ಮಾಡುತ್ತಾಳೆ. ಬೆಳಕು ಹಚ್ಚಿದ ಮೊದಲ 50 ಮಿಲಿಸೆಕೆಂಡಿನ ದಾಖಲೆಯನ್ನು ನನಗೆ ಕಳಿಸಲು ಹೇಳಿದ್ದೇನೆ, ಏನು ಹಾಕಬೇಕು ಎಂಬುದು ಅದರ ಮೇಲೆ ನಿಂತಿದೆ.